ಹೊಂದಿಸಿ ಬರೆಯಿರಿ: ಕಾನೂನು ಪಂಥಗಳು ಮತ್ತು ಅವುಗಳ ಮೂಲವಾದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಮಂಜೇಶ್ವರ, ಕುಂಬಳೆ ಕಡೆಯಿಂದ ನೆಟ್ ಕಾನೂನು ಪರೀಕ್ಷೆಗೋ ಎಲ್‌ಎಲ್‌ಎಂ ಪ್ರವೇಶ ಪರೀಕ್ಷೆಗೋ ಕೂರುವವರು ಜ್ಯೂರಿಸ್‌ಪ್ರುಡೆನ್ಸ್ ಭಾಗದಲ್ಲಿ ಹೆಚ್ಚಾಗಿ ಎಡವುವುದು ಪಾಸಿಟಿವಿಸಂ ಮತ್ತು ನ್ಯಾಚುರಲ್ ಲಾ ಸುತ್ತಲಿನ ಪ್ರಶ್ನೆಗಳಲ್ಲಿ. ಅದಕ್ಕೇ ಇಲ್ಲಿ ಆ ಎರಡಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಹೆಸರಿಗೊಂದು ಪದ ಬಾಯಿಪಾಠ ಮಾಡಿಕೊಂಡರೆ ಸಾಲದೇ?

ಆಸ್ಟಿನ್ ಅಂದರೆ ಆಜ್ಞೆ, ಕೆಲ್ಸನ್ ಅಂದರೆ ಗ್ರುಂಡ್‌ನಾರ್ಮ್, ಸಾವಿನಿ ಅಂದರೆ ಫೋಲ್ಕ್ಸ್‌ಗೈಸ್ಟ್. ಆಯ್ಕೆಯಲ್ಲಿ ಈ ಪದಗಳೇ ಇದ್ದರೆ ಸಾಲುತ್ತದೆ. ಆದರೆ ಪದವನ್ನು ಬಿಟ್ಟು ವಾದವನ್ನಷ್ಟೇ ಬೇರೆ ಮಾತಿನಲ್ಲಿ ಹೇಳಿದರೆ ಬಾಯಿಪಾಠ ಕೈಕೊಡುತ್ತದೆ. ‘ಸಾರ್ವಭೌಮನಿಗೆ ಕಾನೂನಿನ ಮಿತಿ ಇರಲಾರದು’ ಎಂಬ ವಾಕ್ಯದಲ್ಲಿ ‘ಆಜ್ಞೆ’ ಎಂಬ ಪದವಿಲ್ಲ, ಆದರೂ ಅದು ಆಸ್ಟಿನ್‌ನದೇ. ಕಾನೂನು ಸಾರ್ವಭೌಮನ ಆಜ್ಞೆಯಾದರೆ, ಅವನು ತನಗೆ ತಾನೇ ಆಜ್ಞೆ ಮಾಡಿಕೊಳ್ಳುವುದು ಹೇಗೆ? ಅವನ ಮೇಲೆ ಇನ್ನೊಬ್ಬರು ಆಜ್ಞೆ ಮಾಡಿದರೆ ಸಾರ್ವಭೌಮ ಆ ಇನ್ನೊಬ್ಬರೇ ಆಗಬೇಕು. ಹೀಗೆ ವಾದದಿಂದ ಮುಂದೇನು ಹೊರಡುತ್ತದೆ ಎಂದು ಒಂದು ಹೆಜ್ಜೆ ಹೋಗಿ ನೋಡಿದವರಿಗೆ ಮಾತ್ರ ಇಂಥ ಆಯ್ಕೆ ಗುರುತು ಸಿಗುತ್ತದೆ.

ಒಂದು ವಾಕ್ಯ ಪಾಸಿಟಿವಿಸಂನದೋ ನ್ಯಾಚುರಲ್ ಲಾದ್ದೋ ಎಂದು ಬೇಗ ಹೇಳುವುದು ಹೇಗೆ?

ಆ ವಾಕ್ಯಕ್ಕೆ ಒಂದೇ ಪ್ರಶ್ನೆ ಹಾಕಿ: ಕಾನೂನು ಸಿಂಧುವಾಗಲು ಏನು ಬೇಕು ಎನ್ನುತ್ತದೆ? ಅದು ಎಲ್ಲಿಂದ ಬಂತು, ಯಾರು ಮಾಡಿದರು, ಯಾವ ವಿಧಾನದಲ್ಲಿ ಮಾಡಿದರು ಎಂದಿಷ್ಟೇ ನೋಡಿದರೆ ಪಾಸಿಟಿವಿಸಂ. ಒಳಗಿನ ಸರಕು ವಿವೇಕಕ್ಕೋ ನ್ಯಾಯಕ್ಕೋ ಲೋಕಹಿತಕ್ಕೋ ಒಪ್ಪುತ್ತದೆಯೇ ಎಂದೂ ಕೇಳಿದರೆ ನ್ಯಾಚುರಲ್ ಲಾ.

‘ಪಾಸಿಟಿವ್’ ಎಂದರೆ ಇಲ್ಲಿ ‘ಒಳ್ಳೆಯದು’ ಅಲ್ಲ. ಯಾರೋ ವಿಧಿಸಿದ, ಹಾಕಿಕೊಟ್ಟ ಕಾನೂನು ಎಂದರ್ಥ. ಆಸ್ಟಿನ್ 1832ರಲ್ಲಿ ಹೇಳಿದ್ದರ ತಿರುಳೂ ಇದೇ: ಕಾನೂನು ಇದೆಯೇ ಎಂಬುದು ಒಂದು ಪ್ರಶ್ನೆ, ಅದು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಪ್ರಶ್ನೆ. ಥಾಮಸ್ ಅಕ್ವಿನಾಸನ ವ್ಯಾಖ್ಯೆಯನ್ನು ಇದರ ಪಕ್ಕ ಇಟ್ಟು ನೋಡಿ. ಅವನ ಪ್ರಕಾರ ಕಾನೂನು ವಿವೇಕದ ಕಟ್ಟಳೆ, ಎಲ್ಲರ ಹಿತಕ್ಕಾಗಿ ಇರುವಂಥದ್ದು, ಸಮುದಾಯದ ಹೊಣೆ ಹೊತ್ತವರು ಮಾಡಿ ಪ್ರಕಟಿಸಿದ್ದು. ಇದರಲ್ಲಿ ‘ಮಾಡಿದವರು’, ‘ಪ್ರಕಟಣೆ’ ಎರಡೂ ಇವೆ. ಹಾಗಾಗಿ ಯಾರೋ ಅಧಿಕಾರಸ್ಥರು ಕಾನೂನು ಮಾಡುತ್ತಾರೆ ಎಂದು ಕಂಡ ಕೂಡಲೇ ಪಾಸಿಟಿವಿಸಂ ಎಂದು ಟಿಕ್ ಹಾಕಬೇಡಿ. ‘ವಿವೇಕ’ ಮತ್ತು ‘ಎಲ್ಲರ ಹಿತ’ ಸಿಂಧುತ್ವದ ಷರತ್ತುಗಳಾಗಿ ಕೂತಿವೆಯೇ ಎಂದು ನೋಡಿ.

‘ಪಾಸಿಟಿವಿಸ್ಟರ ಪ್ರಕಾರ ಕಾನೂನಿಗೂ ನೀತಿಗೂ ಸಂಬಂಧವೇ ಇಲ್ಲ’ ಎಂಬ ಆಯ್ಕೆ ಸರಿಯೇ?

ತಪ್ಪು. ಹೆಚ್ಚು ಅಂಕ ಕಳೆಯುವ ಬಲೆ ಇದೇ. ಅವರು ಅಲ್ಲಗಳೆಯುವುದು ಅನಿವಾರ್ಯ ಸಂಬಂಧವನ್ನು. ನೀತಿ ಕಾನೂನಿನ ಮೇಲೆ ಪ್ರಭಾವ ಬೀರುತ್ತದೆ, ಕಾನೂನನ್ನು ನೀತಿಯಿಂದ ಅಳೆದು ಟೀಕಿಸಬೇಕು ಎಂಬುದರಲ್ಲಿ ಅವರಿಗೆ ತಕರಾರಿಲ್ಲ. ಬೆಂಥಮ್ ಆಯುಷ್ಯವಿಡೀ ಮಾಡಿದ್ದು ಇಂಗ್ಲೆಂಡಿನ ಕಾನೂನಿನ ಟೀಕೆಯನ್ನೇ. ಹಾರ್ಟ್ ಅಂತೂ 1961ರ ‘ದ ಕಾನ್ಸೆಪ್ಟ್ ಆಫ್ ಲಾ’ದಲ್ಲಿ ‘ನ್ಯಾಚುರಲ್ ಲಾದ ಕನಿಷ್ಠ ಅಂಶ’ ಎಂದೇ ಒಂದು ವಿಚಾರ ಇಟ್ಟ. ಮನುಷ್ಯರ ಮೈ ಸುಲಭವಾಗಿ ಗಾಯವಾಗುವಂಥದ್ದು, ಬೇಕಾದ ವಸ್ತುಗಳು ಮಿತಿಯಲ್ಲಿವೆ. ಆದ್ದರಿಂದ ಕೊಲೆ, ಹೊಡೆತ, ಕಳವಿನ ವಿರುದ್ಧ ಒಂದಿಷ್ಟು ಕಟ್ಟಳೆ ಇಲ್ಲದೆ ಯಾವ ಸಮಾಜವೂ ಉಳಿಯದು ಎಂಬುದು ಅವನ ಮಾತು. ಆಯ್ಕೆಯಲ್ಲಿ ‘ಕನಿಷ್ಠ ಅಂಶ’ ಕಂಡು ನ್ಯಾಚುರಲ್ ಲಾ ಪಂಥಕ್ಕೆ ಹೊಂದಿಸಿದವರು ಇಲ್ಲೇ ಜಾರುತ್ತಾರೆ.

ಇದರ ಅಣ್ಣನೋ ತಮ್ಮನೋ ಆದ ಇನ್ನೊಂದು ಆಯ್ಕೆ: ‘ಪಾಸಿಟಿವಿಸಂ ಪ್ರಕಾರ ಯಾವ ಕಾನೂನನ್ನಾದರೂ ಪಾಲಿಸಲೇಬೇಕು.’ ಇದೂ ತಪ್ಪು. ಸಿಂಧು ಎಂಬುದು ಒಂದು ಪ್ರಶ್ನೆ, ಪಾಲಿಸಬೇಕೇ ಎಂಬುದು ಮತ್ತೊಂದು. 1958ರಲ್ಲಿ ಹಾರ್ವರ್ಡ್ ಲಾ ರಿವ್ಯೂನಲ್ಲಿ ಹಾರ್ಟ್ ಮತ್ತು ಫುಲ್ಲರ್ ನಡುವೆ ನಡೆದ ವಾದದಲ್ಲಿ ಒಂದು ಜರ್ಮನ್ ಪ್ರಕರಣ ಬರುತ್ತದೆ. 1944ರಲ್ಲಿ ಒಬ್ಬ ಹೆಂಗಸು, ರಜೆಯಲ್ಲಿ ಮನೆಗೆ ಬಂದ ಸೈನಿಕ ಗಂಡ ಹಿಟ್ಲರನನ್ನು ಬೈದನೆಂದು ದೂರು ಕೊಟ್ಟಳು. ಗಂಡನನ್ನು ತೊಲಗಿಸುವುದೇ ಅವಳಿಗೆ ಬೇಕಾಗಿತ್ತು. ಯುದ್ಧ ಮುಗಿದ ಮೇಲೆ ಅವಳ ಮೇಲೆ ಮೊಕದ್ದಮೆ ಬಂದಾಗ, ಆಗಿನ ಕಾನೂನಿನಂತೆಯೇ ನಡೆದೆ ಎಂಬುದು ಅವಳ ಸಮರ್ಥನೆ. ಹಾರ್ಟ್‌ನ ನಿಲುವು ಹೀಗೆ: ಆ ನಾಜಿ ಕಾನೂನು ಕಾನೂನೇ ಆಗಿತ್ತು, ಆದರೆ ಪಾಲಿಸಲಾಗದಷ್ಟು ಕೆಟ್ಟದ್ದಾಗಿತ್ತು. ಅವಳನ್ನು ಶಿಕ್ಷಿಸಬೇಕೆಂದಿದ್ದರೆ ಹಿಂದಿನಿಂದ ಅನ್ವಯವಾಗುವ ಹೊಸ ಕಾನೂನನ್ನು ಬಹಿರಂಗವಾಗಿ ಮಾಡಬೇಕು, ಹಳೆಯದು ಕಾನೂನೇ ಆಗಿರಲಿಲ್ಲ ಎಂದು ನಟಿಸಬಾರದು. ಅದು ನಿಜವಾದ ಕಾನೂನು ವ್ಯವಸ್ಥೆಯೇ ಆಗಿತ್ತೇ ಎಂದು ಕೇಳಿದವನು ಫುಲ್ಲರ್.

‘ಅನ್ಯಾಯದ ಕಾನೂನು ಕಾನೂನೇ ಅಲ್ಲ’ ಎಂಬುದನ್ನು ಯಾರಿಗೆ ಹೊಂದಿಸಬೇಕು?

ಮಾತಿನ ಮೂಲ ಅಗಸ್ಟಿನ್, ಅದನ್ನು ಬೆಳೆಸಿದವನು ಅಕ್ವಿನಾಸ್. ಪಟ್ಟಿಯಲ್ಲಿ ಇಬ್ಬರಲ್ಲೊಬ್ಬರಿದ್ದರೆ ಯೋಚಿಸಬೇಕಿಲ್ಲ. ತೊಡಕು ಬರುವುದು ಫಿನಿಸ್ ಮತ್ತು ಫುಲ್ಲರ್ ಹೆಸರಿದ್ದಾಗ.

ಫಿನಿಸ್ 1980ರಲ್ಲಿ ಈ ಮಾತನ್ನು ಹದಗೊಳಿಸಿದ. ಅನ್ಯಾಯದ ಕಾನೂನು ಒಂದು ಅರ್ಥದಲ್ಲಿ ಕಾನೂನೇ, ಆದರೆ ಪೂರ್ಣಾರ್ಥದಲ್ಲಿ, ಕೇಂದ್ರಾರ್ಥದಲ್ಲಿ ಅಲ್ಲ. ಜೀವ, ಜ್ಞಾನ, ಆಟ, ಸೌಂದರ್ಯಾನುಭವ, ಸ್ನೇಹ, ವ್ಯಾವಹಾರಿಕ ವಿವೇಕ, ಧರ್ಮ ಎಂಬ 7 ಮೂಲ ಒಳಿತುಗಳ ಪಟ್ಟಿ ಕಂಡರೂ ಅದು ಫಿನಿಸ್‌ನದೇ.

ಫುಲ್ಲರ್‌ನ ವಾದವೇ ಬೇರೆ. ಅವನು ಕಾನೂನಿನ ಒಳಸರಕನ್ನು ನೋಡುವುದಿಲ್ಲ, ಮಾಡುವ ಕ್ರಮವನ್ನು ನೋಡುತ್ತಾನೆ. 1964ರ ‘ದ ಮೊರಾಲಿಟಿ ಆಫ್ ಲಾ’ದಲ್ಲಿ ಅವನು ಕೇಳುವುದು 8 ಗುಣ: ಎಲ್ಲರಿಗೂ ಅನ್ವಯಿಸುವ ನಿಯಮವಿರಬೇಕು, ಅದು ಪ್ರಕಟವಾಗಿರಬೇಕು, ಹಿಂದಿನದಕ್ಕೆ ಅನ್ವಯವಾಗಬಾರದು, ಅರ್ಥವಾಗಬೇಕು, ಒಂದಕ್ಕೊಂದು ವಿರುದ್ಧವಿರಬಾರದು, ಪಾಲಿಸಲು ಸಾಧ್ಯವಿರಬೇಕು, ದಿನಕ್ಕೊಂದು ಬದಲಾಗಬಾರದು, ಅಧಿಕಾರಿಗಳು ಬರೆದದ್ದಕ್ಕೆ ತಕ್ಕಂತೆ ನಡೆಯಬೇಕು. ಇವುಗಳಲ್ಲಿ ಒಂದು ಪೂರ್ತಿ ಸೋತರೂ ಅದು ಕೆಟ್ಟ ಕಾನೂನಲ್ಲ, ಕಾನೂನೇ ಅಲ್ಲ. ‘ಪೂರ್ತಿ’ ಎಂಬ ಪದ ಮುಖ್ಯ. ಒಂದು ಸುತ್ತೋಲೆ ತುಸು ಅಸ್ಪಷ್ಟವಾಗಿದ್ದ ಮಾತ್ರಕ್ಕೆ ಫುಲ್ಲರ್ ಅದನ್ನು ಎತ್ತಿ ಬಿಸಾಡುವುದಿಲ್ಲ. ಕ್ರಮ ಹೇಳಿದರೆ ಫುಲ್ಲರ್, ಸರಕು ಹೇಳಿದರೆ ಅಕ್ವಿನಾಸ್ ಅಥವಾ ಫಿನಿಸ್.

ಕೋಚಿಂಗ್ ಮಲಯಾಳದಲ್ಲಿ, ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿ, ಯೋಚನೆ ಕನ್ನಡದಲ್ಲಿ. ಗೊಂದಲ ಎಲ್ಲಿ ಆಗುತ್ತದೆ?

ಮುಖ್ಯವಾಗಿ ‘ನಿಯಮ’ ಎಂಬ ಪದದಲ್ಲಿ. ಮಲಯಾಳದಲ್ಲಿ ‘ನಿಯಮಂ’ ಎಂದರೆ ಕಾನೂನು, ಅಂದರೆ ಲಾ. ರೂಲ್‌ಗೆ ಅವರು ಹೇಳುವುದು ‘ಚಟ್ಟಂ’. ನಮಗೆ ನಿಯಮ ಎಂದರೆ ರೂಲ್. ಹಾರ್ಟ್‌ನ ಪಾಠದಲ್ಲಿ ಇದು ನೇರವಾಗಿ ಪೆಟ್ಟು ಕೊಡುತ್ತದೆ, ಏಕೆಂದರೆ ಅವನ ವಾದವೇ ‘ಲಾ ಎಂದರೆ ಪ್ರೈಮರಿ, ಸೆಕೆಂಡರಿ ಎಂಬ ಎರಡು ಬಗೆಯ ರೂಲ್‌ಗಳ ಜೋಡಣೆ’ ಎಂಬುದು. ನೋಟ್ಸ್‌ನಲ್ಲಿ ಎರಡಕ್ಕೂ ನಿಯಮ ಎಂದು ಬರೆದುಕೊಂಡರೆ ಆ ವಾಕ್ಯಕ್ಕೆ ಅರ್ಥವೇ ಉಳಿಯುವುದಿಲ್ಲ. ಈ ಅಧ್ಯಾಯದ ಮಟ್ಟಿಗೆ ನೋಟ್ಸ್‌ನಲ್ಲಿ ಲಾ, ರೂಲ್, ಪ್ರಿನ್ಸಿಪಲ್ ಎಂದೇ ಬರೆದುಕೊಳ್ಳುವುದು ಲೇಸು.

ಇನ್ನೊಂದು ನ್ಯಾಚುರಲ್ ಜಸ್ಟಿಸ್. ಕನ್ನಡದ ‘ಸಹಜ ನ್ಯಾಯ’, ಮಲಯಾಳದ ‘ಸ್ವಾಭಾವಿಕ ನೀತಿ’ ಇದೇ. ಇನ್ನೊಂದು ಕಡೆಯವರ ಮಾತನ್ನೂ ಕೇಳಬೇಕು, ತನ್ನ ಪ್ರಕರಣಕ್ಕೆ ತಾನೇ ನ್ಯಾಯಾಧೀಶನಾಗಬಾರದು ಎಂಬ ಆಡಳಿತ ಕಾನೂನಿನ ತತ್ತ್ವಗಳಿವು. ನ್ಯಾಚುರಲ್ ಲಾ ಪಂಥದ ಮುಂದೆ ಇವನ್ನು ಬಲೆಯಾಗಿ ಇಟ್ಟಿರುತ್ತಾರೆ.

ಆಸ್ಟಿನ್, ಕೆಲ್ಸನ್, ಹಾರ್ಟ್ ಮೂವರೂ ಪಾಸಿಟಿವಿಸ್ಟರು. ಬೇರ್ಪಡಿಸುವುದು ಹೇಗೆ?

ಸರಪಳಿಯ ಕೊನೆಗೆ ಏನಿದೆ ಎಂದು ನೋಡಿ. ಪಂಚಾಯತಿನವರು ಕಟ್ಟಡ ನಂಬ್ರ ಕೊಡುವುದಿಲ್ಲ ಎಂದರೆ ಯಾವ ಅಧಿಕಾರದಿಂದ? ರೂಲ್‌ನಿಂದ. ಆ ರೂಲ್‌ಗೆ ಅಧಿಕಾರ? ವಿಧಾನಸಭೆ ಮಾಡಿದ ಕಾಯ್ದೆಯಿಂದ. ಕಾಯ್ದೆಗೆ? ಸಂವಿಧಾನದಿಂದ. ಸಂವಿಧಾನಕ್ಕೆ?

ಈ ಕೊನೆಯ ಪ್ರಶ್ನೆಗೆ ಮೂವರ ಉತ್ತರ ಬೇರೆ ಬೇರೆ. ಆಸ್ಟಿನ್ ತೋರಿಸುವುದು ಒಬ್ಬ ವ್ಯಕ್ತಿಯನ್ನೋ ಒಂದು ಮಂಡಲವನ್ನೋ: ಜನ ರೂಢಿಯಿಂದ ಪಾಲಿಸುವ, ತಾನು ಇನ್ನಾರನ್ನೂ ರೂಢಿಯಿಂದ ಪಾಲಿಸದ ಸಾರ್ವಭೌಮ. ಕೆಲ್ಸನ್ ತೋರಿಸುವುದು ಊಹಿಸಿಕೊಂಡ ಒಂದು ನಾರ್ಮ್ ಅನ್ನು. ‘ಇದೆ’ ಎಂಬುದರಿಂದ ‘ಬೇಕು’ ಎಂಬುದು ಹುಟ್ಟದು, ಆದ್ದರಿಂದ ನಾರ್ಮ್‌ಗೆ ಆಧಾರ ಇನ್ನೊಂದು ನಾರ್ಮ್ ಮಾತ್ರ. ಹಾರ್ಟ್ ತೋರಿಸುವುದು ರೂಲ್ ಆಫ್ ರೆಕಗ್ನಿಷನ್ ಅನ್ನು. ಅದು ಊಹೆಯಲ್ಲ, ನ್ಯಾಯಾಧೀಶರು, ಅಧಿಕಾರಿಗಳು ನಿಜವಾಗಿ ನಡೆದುಕೊಳ್ಳುವ ರೀತಿಯಲ್ಲಿ ಕಾಣುವ ಸಾಮಾಜಿಕ ಸಂಗತಿ. ವ್ಯಕ್ತಿ, ಊಹೆ, ನಡವಳಿಕೆ: ಈ ಮೂರನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡರೆ ಸಾಕು.

ಭಾರತದ ಗ್ರುಂಡ್‌ನಾರ್ಮ್ ಸಂವಿಧಾನ ಎಂದು ಗೈಡುಗಳಲ್ಲಿದೆ. ಹಾಗೇ ಬರೆಯಬಹುದೇ?

ಕೆಲ್ಸನ್‌ನನ್ನು ಅಕ್ಷರಶಃ ಓದಿದರೆ ಅಲ್ಲ. ಸಂವಿಧಾನ ಬರೆದಿಟ್ಟದ್ದು, ಅದು ವಿಧಿಸಿದ ನಾರ್ಮ್‌ಗಳಲ್ಲಿ ಅತ್ಯುನ್ನತವಾದದ್ದು. ‘ಆ ಸಂವಿಧಾನದಂತೆ ನಡೆಯಬೇಕು’ ಎಂಬ ಊಹೆಯೇ ಗ್ರುಂಡ್‌ನಾರ್ಮ್. ಆಯ್ಕೆಗಳಲ್ಲಿ ಎರಡೂ ಇದ್ದರೆ ಊಹೆಯನ್ನೇ ಆರಿಸಿ. ಸಂಸತ್ತು, ರಾಷ್ಟ್ರಪತಿ, ಸುಪ್ರೀಂ ಕೋರ್ಟ್, ಸಂವಿಧಾನ ಎಂದಿಷ್ಟೇ ಇದ್ದರೆ ಸಂವಿಧಾನ ಎನ್ನದೆ ಬೇರೆ ದಾರಿಯಿಲ್ಲ.

ಇದನ್ನು ಅರ್ಥಮಾಡಿಕೊಳ್ಳಲು ನಮ್ಮೂರಿನ ಪ್ರಕರಣವೇ ಸಾಕು. ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 1973ರ ಏಪ್ರಿಲ್ 24ರಂದು 13 ನ್ಯಾಯಾಧೀಶರ ಪೀಠ, 7–6ರ ಬಹುಮತದಲ್ಲಿ, ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಇದನ್ನು ಆಸ್ಟಿನ್‌ನ ಚೌಕಟ್ಟಿನಲ್ಲಿ ಕೂರಿಸಲು ನೋಡಿ. ಮಿತಿಯಿಲ್ಲದ ಸಾರ್ವಭೌಮ ಯಾರು? ಸಂಸತ್ತಿಗೆ ಮಿತಿ ಬಿತ್ತು. ಕೋರ್ಟು ತಾನಾಗಿ ಕಾನೂನು ಹೊರಡಿಸುವುದಿಲ್ಲ. ಜನರೇ ಸಾರ್ವಭೌಮರು ಎಂದರೆ, ಪಾಲಿಸುವವರೂ ಅವರೇ, ಆಜ್ಞೆ ಮಾಡುವವರೂ ಅವರೇ ಆಗಿಬಿಡುತ್ತದೆ. ಹಾರ್ಟ್‌ಗೆ ಈ ತೊಡಕಿಲ್ಲ. ‘ಸಂಸತ್ತು ವಿಧಿವತ್ತಾಗಿ ಮಾಡಿದ ತಿದ್ದುಪಡಿ, ಮೂಲರಚನೆ ಕೆಡಿಸದಿದ್ದರೆ, ಕಾನೂನು’ ಎಂದು ನಮ್ಮ ರೂಲ್ ಆಫ್ ರೆಕಗ್ನಿಷನ್ ಅನ್ನು ಬರೆದುಕೊಂಡರೆ ಆಯಿತು. ‘ಮೂಲರಚನೆ ತತ್ತ್ವ ಯಾವ ಸಿದ್ಧಾಂತಕ್ಕೆ ಒಗ್ಗುವುದಿಲ್ಲ’ ಎಂದು ಕೇಳಿದರೆ ಆಸ್ಟಿನ್ ಎನ್ನಲು ಕಾರಣ ಇದು.

ರೂಢಿಯ ಬಗೆಗಿನ ವಾಕ್ಯಗಳಲ್ಲಿ ಆಸ್ಟಿನ್ ಯಾವುದು, ಸಾವಿನಿ ಯಾವುದು?

ಅಳಿಯಸಂತಾನ ಕಟ್ಟನ್ನು ತೆಗೆದುಕೊಳ್ಳಿ. ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುವ ಈ ಪದ್ಧತಿ ತುಳುನಾಡಿನ ಕುಟುಂಬಗಳಲ್ಲಿ ಕಾಯ್ದೆ ಬರೆಯುವ ಮೊದಲೇ ನಡೆಯುತ್ತಿತ್ತು. ಕಾಸರಗೋಡು ದಕ್ಷಿಣ ಕನ್ನಡದೊಂದಿಗೆ ಮದ್ರಾಸಿನಲ್ಲಿದ್ದಾಗ 1949ರಲ್ಲಿ ಅಳಿಯಸಂತಾನ ಕಾಯ್ದೆ ಬಂತು. ಕೇರಳಕ್ಕೆ ಸೇರಿದ ಮೇಲೆ, 1976ರ ಡಿಸೆಂಬರ್ 1ರಿಂದ ಕೂಡುಕುಟುಂಬ ಪದ್ಧತಿಯನ್ನು ರದ್ದುಮಾಡುವ ಕೇರಳ ಕಾಯ್ದೆ ಜಾರಿಯಾಯಿತು.

ಈಗ ಪ್ರಶ್ನೆ: ಕಾಯ್ದೆ ಬರುವ ಮೊದಲು ಅದು ಕಾನೂನಾಗಿತ್ತೇ? ಆಸ್ಟಿನ್ ಪ್ರಕಾರ, ಕೋರ್ಟು ಅದನ್ನು ಎತ್ತಿಹಿಡಿಯುವ ತನಕ ಅದು ‘ಪಾಸಿಟಿವ್ ಮೊರಾಲಿಟಿ’ ಮಾತ್ರ. ಕೋರ್ಟು ಒಪ್ಪಿದಾಗ, ಸಾರ್ವಭೌಮ ಸುಮ್ಮನಿದ್ದು ಒಪ್ಪಿಗೆ ಕೊಟ್ಟಂತೆ, ಅದು ಮೌನದ ಆಜ್ಞೆಯಾಗುತ್ತದೆ. ಸಾವಿನಿ ಪ್ರಕಾರ ಅದು ಜನರ ಮನಸ್ಸಿನಲ್ಲಿ ಆಗಲೇ ಕಾನೂನಾಗಿತ್ತು, ಕೋರ್ಟು ಗುರುತಿಸಿತು ಅಷ್ಟೇ. ‘ಕೋರ್ಟು ಒಪ್ಪಿದ್ದರಿಂದ ಕಾನೂನು’ ಎಂದರೆ ಆಸ್ಟಿನ್, ‘ಕಾನೂನಾಗಿದ್ದರಿಂದ ಕೋರ್ಟು ಒಪ್ಪಿತು’ ಎಂದರೆ ಸಾವಿನಿ. (ಭೂತಾಳ ಪಾಂಡ್ಯನೆಂಬ ಅರಸನೇ ಈ ಕಟ್ಟು ಹಾಕಿದನೆಂಬ ಐತಿಹ್ಯವನ್ನು ನಂಬಿದರೆ ಆಸ್ಟಿನ್‌ಗೆ ಸಂತೋಷವಾಗುತ್ತಿತ್ತೋ ಏನೋ!) ಪದ್ಧತಿ ಕಾಯ್ದೆಯಿಂದ ರದ್ದಾದ ಮೇಲೂ ಮನೆಗಳಲ್ಲಿ ಉಳಿದ ನಡವಳಿಕೆಯ ಬಗ್ಗೆ ವಾಕ್ಯವಿದ್ದರೆ ಅದು ಏರ್ಲಿಖ್‌ನ ‘ಜೀವಂತ ಕಾನೂನು’.

ಡ್ವರ್ಕಿನ್‌ನನ್ನು ಯಾವ ಪಂಥಕ್ಕೆ ಸೇರಿಸುವುದು?

‘ವ್ಯಾಖ್ಯಾನವಾದ’ ಎಂಬ ಆಯ್ಕೆಯಿದ್ದರೆ ಅಲ್ಲಿಗೆ. ಅವನು ಪಾಸಿಟಿವಿಸಂನ ಟೀಕಾಕಾರ, ಹಾಗೆಂದು ಅಕ್ವಿನಾಸನ ಸಾಲಿನವನೂ ಅಲ್ಲ. ಅವನಿಗೆ ಪ್ರಿಯವಾದ ಉದಾಹರಣೆ 1889ರ ನ್ಯೂಯಾರ್ಕಿನ ರಿಗ್ಸ್ ವಿರುದ್ಧ ಪಾಮರ್. ಉಯಿಲಿನ ಆಸ್ತಿಗಾಗಿ ಮೊಮ್ಮಗ ಅಜ್ಜನಿಗೆ ವಿಷ ಹಾಕಿದ. ಉಯಿಲಿನ ಕಾಯ್ದೆಯಂತೆ ಆಸ್ತಿ ಅವನಿಗೇ ಹೋಗಬೇಕಿತ್ತು. ತನ್ನ ತಪ್ಪಿನಿಂದ ಯಾರೂ ಲಾಭ ಪಡೆಯಬಾರದು ಎಂಬ ತತ್ತ್ವ ಹಿಡಿದು ಕೋರ್ಟು ಕೊಡಲಿಲ್ಲ. ರೂಲ್ ಅನ್ವಯಿಸಿದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ಪ್ರಿನ್ಸಿಪಲ್‌ಗೆ ತೂಕವಿದೆ. ‘ತೂಕ’ ಎಂಬ ಮಾತು ಕಂಡರೆ ಡ್ವರ್ಕಿನ್ ಕಡೆ ತಿರುಗಿ.

ಒಂದು ಪ್ರಶ್ನೆಯನ್ನು ಬಿಡಿಸಿ ತೋರಿಸಬಹುದೇ?

ಅಭ್ಯಾಸಕ್ಕೆಂದು ಮಾಡಿದ್ದು. ಎಡಪಟ್ಟಿ: ಅ) ಆಸ್ಟಿನ್ ಆ) ಕೆಲ್ಸನ್ ಇ) ಹಾರ್ಟ್ ಈ) ಫುಲ್ಲರ್.

ಬಲಪಟ್ಟಿ:
1) ಕಾನೂನು ಬರೀ ಹೆದರಿಕೆಯಲ್ಲ, ಒಪ್ಪಿದವರಿಗೆ ತಮ್ಮ ಹಾಗೂ ಇತರರ ನಡತೆಯನ್ನು ಅಳೆಯುವ ಕೋಲು.
2) ಸಿಂಧುತ್ವಕ್ಕೆ ಆಧಾರವಾಗಬಲ್ಲದ್ದು ಇನ್ನೊಂದು ಸಿಂಧು ನಾರ್ಮ್ ಮಾತ್ರ, ಯಾವ ವಾಸ್ತವ ಸಂಗತಿಯೂ ಅಲ್ಲ.
3) ಅಂತರರಾಷ್ಟ್ರೀಯ ಕಾನೂನು ನಿಜಾರ್ಥದಲ್ಲಿ ಕಾನೂನಲ್ಲ.
4) ಗುಟ್ಟಾಗಿಟ್ಟ ಆದೇಶಗಳಿಂದ ಆಳುವುದು ಕಾನೂನಿನ ಆಳ್ವಿಕೆಯೇ ಅಲ್ಲ.

ಉತ್ತರ ಸಂಕೇತಗಳು:
ಎ) ಅ-3, ಆ-1, ಇ-2, ಈ-4
ಬಿ) ಅ-3, ಆ-2, ಇ-1, ಈ-4
ಸಿ) ಅ-2, ಆ-3, ಇ-1, ಈ-4
ಡಿ) ಅ-4, ಆ-2, ಇ-1, ಈ-3

ನಾಲ್ಕನ್ನೂ ಕ್ರಮವಾಗಿ ಹೊಂದಿಸಲು ಹೋಗಬೇಡಿ. ಹೆಚ್ಚು ಖಾತರಿ ಇರುವುದನ್ನು ಮೊದಲು ಹಿಡಿಯಿರಿ. ದೇಶಗಳ ಮೇಲೆ ಸಾರ್ವಭೌಮನಿಲ್ಲ, ಆದ್ದರಿಂದ ಅಂತರರಾಷ್ಟ್ರೀಯ ಕಾನೂನು ಕಾನೂನಲ್ಲ ಎಂಬುದು ಆಸ್ಟಿನ್. ಅ-3 ಎಂದೊಡನೆ ಸಿ ಮತ್ತು ಡಿ ಬಿದ್ದುಹೋದವು. ಎ ಮತ್ತು ಬಿ ಎರಡರಲ್ಲೂ ಫುಲ್ಲರ್‌ಗೆ 4 ಇದೆ, ಹಾಗಾಗಿ ಆ ವಾಕ್ಯವನ್ನು ಓದುವ ಅಗತ್ಯವೇ ಇಲ್ಲ. ಉಳಿದದ್ದು ಕೆಲ್ಸನ್‌ಗೆ 1ರೋ 2ರೋ ಎಂಬುದು. ‘ವಾಸ್ತವ ಸಂಗತಿಯೂ ಅಲ್ಲ’ ಎಂಬ ಮಾತು ಹಾರ್ಟ್‌ಗೆ ಹೊಂದದು, ಅವನ ಸರಪಳಿ ಮುಗಿಯುವುದೇ ಸಂಗತಿಯಲ್ಲಿ. 1ನೆಯದು ಹಾರ್ಟ್‌ನ ‘ಒಳನೋಟ’. ಉತ್ತರ ಬಿ.

ಇಲ್ಲಿ ತಪ್ಪಿದವರು ಹೆಚ್ಚಾಗಿ ಎ ಆರಿಸುತ್ತಾರೆ. 2ನೆಯ ವಾಕ್ಯ ಓದಿ, ‘ಒಂದರ ಮೇಲೊಂದು ರೂಲ್’ ಎಂದರೆ ಪ್ರೈಮರಿ–ಸೆಕೆಂಡರಿ ಇರಬೇಕು ಎಂದುಕೊಳ್ಳುವುದೇ ಕಾರಣ.

ರಿಯಲಿಸಂ ಆಯ್ಕೆಗಳು ಕಷ್ಟವೇ?

ಅಷ್ಟೇನಿಲ್ಲ. ಕೋರ್ಟು ನಿಜವಾಗಿ ಏನು ಮಾಡುತ್ತದೆ ಎಂಬ ಭವಿಷ್ಯನುಡಿಯೇ ಕಾನೂನು ಎಂದರೆ ಹೋಮ್ಸ್, 1897. ಕೋರ್ಟು ತನಗೇನು ಮಾಡೀತು ಎಂದಷ್ಟೇ ನೋಡುವ ಅವನ ‘ಕೆಟ್ಟ ಮನುಷ್ಯ’ನಿಗೂ ಆಸ್ಟಿನ್‌ನ ಶಿಕ್ಷೆಯ ಭಯಕ್ಕೂ ಹೋಲಿಕೆ ಕಾಣುತ್ತದೆ. ಆದರೆ ಆಸ್ಟಿನ್ ನೋಡುವುದು ಆಜ್ಞೆ ಹೊರಡಿಸಿದವನನ್ನು, ಹೋಮ್ಸ್ ನೋಡುವುದು ತೀರ್ಪು ಕೊಡುವವನನ್ನು.

ಎರಡು ಆಯ್ಕೆಗಳ ನಡುವೆ ಸಿಕ್ಕಿಬಿದ್ದರೆ?

‘ಎಂದಿಗೂ’, ‘ಯಾವುದೇ’, ‘ಮಾತ್ರ’, ‘ಅನಿವಾರ್ಯವಾಗಿ’ ಎಂಬ ಪದಗಳಿಗೆ ಗೆರೆ ಎಳೆಯಿರಿ. ಆದರೆ ಇವು ಕಂಡಲ್ಲೆಲ್ಲ ತಪ್ಪೆಂದು ತಿಳಿಯಬೇಡಿ. ಮೇಲಿನ ಕೆಲ್ಸನ್ ವಾಕ್ಯದಲ್ಲಿ ‘ಮಾತ್ರ’ ಇದ್ದೇ ಸರಿ, ಪಾಸಿಟಿವಿಸಂನ ವಾಕ್ಯದಿಂದ ‘ಅನಿವಾರ್ಯ’ ತೆಗೆದರೆ ಅದೇ ತಪ್ಪಾಗುತ್ತದೆ. ಆ ಪದವನ್ನು ಕಿತ್ತು ಓದಿ, ಲೇಖಕ ಯಾವ ರೂಪಕ್ಕೆ ಸಹಿ ಹಾಕುತ್ತಾನೆ ಎಂದು ನೋಡಿ. ನೆಟ್‌ನಲ್ಲಿ ಎರಡೂ ಪತ್ರಿಕೆ ಸೇರಿ 150 ಪ್ರಶ್ನೆಗೆ 3 ಗಂಟೆ, ಅಂದರೆ ಒಂದಕ್ಕೆ 72 ಸೆಕೆಂಡು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಎರಡಕ್ಕೆ ಇಳಿದ ಮೇಲೂ ತೀರ್ಮಾನವಾಗದಿದ್ದರೆ ಒಂದನ್ನು ಗುರುತು ಮಾಡಿ ಮುಂದೆ ಹೋಗಿ. ಎಲ್‌ಎಲ್‌ಎಂಗಾಗಿ ಬರೆಯುವ ಕ್ಲಾಟ್‌ನಲ್ಲಿ ತಪ್ಪಿಗೆ 0.25 ಹೋಗುತ್ತದೆ, ಎರಡಕ್ಕೆ ಇಳಿದಿದ್ದರೆ ಅಲ್ಲೂ ಬರೆಯುವುದೇ ಲಾಭ, ನಾಲ್ಕರಲ್ಲಿ ಒಂದೂ ಬಿದ್ದುಹೋಗದಿದ್ದರೆ ಬಿಟ್ಟುಬಿಡಬಹುದು.